ನೂರು ದಾಟಿದ ಒಳ್ಳೆಯ ಕೊಲೆಸ್ಟ್ರಾಲ್



ಕಾಸರಗೋಡಿನ ಕನ್ನಡಿಗರ ಮುಂದೆ ಒಬ್ಬ ವೈದ್ಯ ಏನು ಮಾತಾಡಬಹುದು ಎಂದು ಸಂಘಟಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ರಕ್ತಪರೀಕ್ಷೆಯ ಕಾಗದ. ಆ ಕಾಗದ ಹಿಡಿದುಕೊಂಡು ಬಂದವರು ಮುಳ್ಳೇರಿಯ ಕಡೆಯ ಅಡಿಕೆ ತೋಟದ ಮನೆಯ ಒಬ್ಬ ಗೃಹಿಣಿ. ಆಗ ಅವರಿಗೆ 54 ವರ್ಷ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಅವರ ಕಥೆಯನ್ನು ಹೇಳುತ್ತೇನೆ.

ಅವರು ಬಂದದ್ದು ಮೊಣಕಾಲು ನೋವಿಗೆ. ಕಾಗದವನ್ನು ತೋರಿಸಿದ್ದು ಎದ್ದು ಹೊರಡುವ ಹೊತ್ತಿಗೆ. "ಡಾಕ್ಟ್ರೇ, ಇದೊಂದು ಮಗ ಮಾಡಿಸಿದ್ದು. ನೋಡಬೇಕಂತ ಏನಿಲ್ಲ, ಒಳ್ಳೆ ಕೊಲೆಸ್ಟ್ರಾಲ್ ನೂರಕ್ಕಿಂತ ಮೇಲೆ ಉಂಟಂತೆ. ಹಾರ್ಟಿಗೆ ಏನೂ ಆಗುವುದಿಲ್ಲ ಅಂತ ಲ್ಯಾಬಿನವರೇ ಹೇಳಿದ್ರು" ಎಂದರು. ಒಟ್ಟು ಕೊಲೆಸ್ಟ್ರಾಲ್ 268, ಒಳ್ಳೆಯದೆನ್ನುವ ಎಚ್‌ಡಿಎಲ್ 112, ಟ್ರೈಗ್ಲಿಸರೈಡ್ 80, ಕೆಟ್ಟದ್ದೆನ್ನುವ ಎಲ್‌ಡಿಎಲ್ 140. ಇವೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ನಾನು ಮುಂದೆ ಹೇಳುವ ಕೊಲೆಸ್ಟ್ರಾಲಿನ ಅಂಕಿಗಳೂ, ಬೇರೆ ಹೇಳದಿದ್ದರೆ, ಅದೇ ಅಳತೆಯವು. ಕೆಳಗೆ ಒಟ್ಟು ಕೊಲೆಸ್ಟ್ರಾಲನ್ನು ಎಚ್‌ಡಿಎಲ್‌ನಿಂದ ಭಾಗಿಸಿ 2.4 ಎಂದು ಬರೆದು, ಪಕ್ಕದಲ್ಲಿ 'ಅಪಾಯ ಕಡಿಮೆ' ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದರು.

ಅವರ ಕೈ ಮೇಲೆ ನನ್ನ ಕಣ್ಣು ಹೋಯಿತು. ಮುಂಗೈಯಿಂದ ಮೊಣಕೈವರೆಗೆ ಉಗುರಿನಿಂದ ಗೀರಿದ ಗೆರೆಗಳು, ಕೆಲವು ಹಳೆಯವು, ಕೆಲವು ಆ ರಾತ್ರಿಯವು. ಗುಳ್ಳೆಯಿಲ್ಲ, ಕೆಂಪಾಗಿ ಎದ್ದದ್ದೂ ಇಲ್ಲ. "ತುರಿಕೆಯಾ ಅಕ್ಕ?" ಎಂದು ಕೇಳಿದೆ. "ರಾತ್ರಿ ಮಾತ್ರ. ಒಂದೂವರೆ ವರ್ಷ ಆಯ್ತು. ತೆಂಗಿನೆಣ್ಣೆ ಹಚ್ಚಿ ಮಲಗುತ್ತೇನೆ" ಎಂದರು. ದಣಿವಿನ ಬಗ್ಗೆ ಕೇಳಿದೆ. ಮುಟ್ಟು ನಿಂತ ಮೇಲೆ ಹಾಗೆಯೇ ಎಂದು ಎಲ್ಲರೂ ಹೇಳುತ್ತಾರೆ ಎಂದರು. ತುರಿಕೆ, ದಣಿವು, 112 ಎಂಬ ಅಂಕಿ, ಈ ಮೂರನ್ನೂ ಅವರು ಮೂರು ಬೇರೆ ಬೇರೆ ಸಂಗತಿಗಳೆಂದು ತಿಳಿದಿದ್ದರು. ಮೊದಲೆರಡು ವಯಸ್ಸಿನ ಕಾಟ, ಮೂರನೆಯದು ದೇವರು ಕೊಟ್ಟ ವರ.

ಈ 'ವರ' ಎಂಬ ನಂಬಿಕೆ ಹೇಗೆ ಬಂತು ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಅದು ಸುಳ್ಳಿನಿಂದ ಹುಟ್ಟಿದ್ದಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಜನರ ಹೃದಯದ ಆರೋಗ್ಯವನ್ನು ತಲೆಮಾರುಗಟ್ಟಲೆ ಹಿಂಬಾಲಿಸುತ್ತ ಬಂದಿದ್ದಾರೆ. 1977ರಲ್ಲಿ ಅಲ್ಲಿಂದ ಬಂದ ವರದಿಯಲ್ಲಿ ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಹೃದಯಾಘಾತ ಹೆಚ್ಚು, ಹೆಚ್ಚಿದ್ದವರಿಗೆ ಕಡಿಮೆ ಎಂದು ಸ್ಪಷ್ಟವಾಗಿ ಕಂಡಿತು. ಆಮೇಲೆ ಹಲವು ದೇಶಗಳಲ್ಲಿ ಅದೇ ಕಂಡಿತು. 2001ರ ಅಮೆರಿಕನ್ ಮಾರ್ಗಸೂಚಿ ಒಂದು ಹೆಜ್ಜೆ ಮುಂದೆ ಹೋಗಿ, ಎಚ್‌ಡಿಎಲ್ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೃದಯಾಘಾತದ ಅಪಾಯಕಾರಿ ಅಂಶಗಳ ಪಟ್ಟಿಯಿಂದ ಒಂದನ್ನು ಕಳೆದುಬಿಡಿ ಎಂದಿತು. ಬೀಡಿ ಸೇದುವುದು ಒಂದು ಅಂಶ, ಬಿಪಿ ಇನ್ನೊಂದು, ಒಳ್ಳೆಯ ಕೊಲೆಸ್ಟ್ರಾಲ್ ಇದ್ದರೆ ಅದರಲ್ಲೊಂದು ಮಾಫಿ. ನಮ್ಮ ತಲೆಮಾರಿನ ವೈದ್ಯರೆಲ್ಲ ಇದನ್ನೇ ಕಲಿತೆವು, ರೋಗಿಗಳಿಗೂ ಹೇಳಿದೆವು.

ಕಡಿಮೆಯಿದ್ದರೆ ಕೆಟ್ಟದ್ದು ಎಂಬ ಮಾತು ಇಂದಿಗೂ ನಿಂತಿದೆ. ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿದ್ದರೆ ಕಡಿಮೆ ಎನ್ನುತ್ತೇವೆ. ನಮ್ಮ ದೇಶದಲ್ಲಿ ಅಂಥವರೇ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಇಂಡಿಯಾಬ್ ಸಮೀಕ್ಷೆಯ ಮೊದಲ ಹಂತದಲ್ಲಿ, ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ಪರೀಕ್ಷಿಸಿದವರ ಪೈಕಿ ನೂರಕ್ಕೆ 72 ಮಂದಿಗೆ ಎಚ್‌ಡಿಎಲ್ ಕಡಿಮೆಯಿತ್ತು. ಹೀಗಿರುವ ದೇಶದಲ್ಲಿ ಒಬ್ಬರ ಎಚ್‌ಡಿಎಲ್ 112 ಬಂದರೆ ಏಕೆ ಬಂತು ಎಂದು ಕೇಳುವುದು ವೈದ್ಯನ ಕೆಲಸ. ನಾವು ಹಾಗೆ ಕೇಳಲಿಲ್ಲ. 'ಹೆಚ್ಚಿದಷ್ಟೂ ಒಳ್ಳೆಯದು' ಎಂಬ ಮಾತು ಆ ಪ್ರಶ್ನೆಯನ್ನೇ ನುಂಗಿಹಾಕಿತ್ತು.

ಎಚ್‌ಡಿಎಲ್ ಎಂದರೇನು ಎಂಬುದನ್ನು ನಮ್ಮೂರಿನ ಚಿತ್ರದಲ್ಲೇ ಹೇಳುತ್ತೇನೆ. ಅಡಿಕೆ ಸಾಗಿಸುವ ಲಾರಿಗಳನ್ನು ನೆನೆಯಿರಿ. ಮನೆಮನೆಯ ಅಂಗಳದಲ್ಲಿ ಮಿಕ್ಕಿ ಬಿದ್ದ ಸರಕನ್ನು ತುಂಬಿಸಿಕೊಂಡು ಅವು ಗೋದಾಮಿಗೆ ಹೋಗಿ ಇಳಿಸಿ, ಖಾಲಿಯಾಗಿ ಮತ್ತೆ ಹಳ್ಳಿಗೆ ಬರಬೇಕು. ಎಚ್‌ಡಿಎಲ್ ಕಣಗಳು ಅಂಥ ಸಣ್ಣ ಲಾರಿಗಳು. ರಕ್ತನಾಳದ ಗೋಡೆಯಲ್ಲೂ ಇತರ ಜೀವಕೋಶಗಳಲ್ಲೂ ಹೆಚ್ಚಾದ ಕೊಲೆಸ್ಟ್ರಾಲನ್ನು ಎತ್ತಿಕೊಂಡು ಯಕೃತ್ತಿಗೆ, ಅಂದರೆ ನಾವು ಲಿವರ್ ಎನ್ನುವ ಗೋದಾಮಿಗೆ ಒಯ್ಯುತ್ತವೆ. ಅಲ್ಲಿಂದ ಅದು ಪಿತ್ತರಸದ ಜೊತೆ ಕರುಳಿಗೆ ಹೋಗಿ ಹೊರಬೀಳುತ್ತದೆ. ಲ್ಯಾಬಿನಲ್ಲಿ ಅಳೆಯುವುದು ಏನನ್ನು? ಸೂಜಿ ಚುಚ್ಚಿದ ಆ ಗಳಿಗೆಯಲ್ಲಿ ಆ ಲಾರಿಗಳ ಮೇಲೆ ಎಷ್ಟು ಸರಕು ಇತ್ತು ಎಂಬುದನ್ನು ಮಾತ್ರ. ದಿನಕ್ಕೆ ಎಷ್ಟು ಲೋಡು ಇಳಿಯಿತು ಎಂಬುದು ಆ ಅಂಕಿಯಲ್ಲಿ ಇಲ್ಲ.

ಲಾರಿಗಳು ಚುರುಕಾಗಿ ಓಡುತ್ತಿದ್ದರೂ ರಸ್ತೆಯಲ್ಲಿ ಸರಕು ಹೆಚ್ಚು ಕಾಣಬಹುದು. ಗೋದಾಮಿನ ಬಾಗಿಲು ಮುಚ್ಚಿ ಲಾರಿಗಳೆಲ್ಲ ರಸ್ತೆಯಲ್ಲೇ ಸಾಲುಗಟ್ಟಿ ನಿಂತರೂ ಸರಕು ಹೆಚ್ಚೇ ಕಾಣುತ್ತದೆ. ಎರಡಕ್ಕೂ ಕಾಗದದ ಮೇಲೆ ಬರುವ ಅಂಕಿ ಒಂದೇ.

ಬಾಗಿಲು ಮುಚ್ಚಿದ ಉದಾಹರಣೆ ವಿಜ್ಞಾನಿಗಳ ಕೈಗೇ ಸಿಕ್ಕಿದೆ. ಯಕೃತ್ತಿನ ಕೋಶದ ಮೇಲೆ ಎಚ್‌ಡಿಎಲ್‌ನಿಂದ ಕೊಲೆಸ್ಟ್ರಾಲ್ ಇಳಿಸಿಕೊಳ್ಳುವ ಒಂದು ಗ್ರಾಹಕವಿದೆ. ಅದರ ಹೆಸರು ಎಸ್‌ಆರ್-ಬಿಒನ್. ಅದನ್ನು ಕಟ್ಟುವ ಜೀನಿನಲ್ಲಿ ಒಂದು ಅಪರೂಪದ ದೋಷವಿರುವವರನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೇನಿಯಲ್ ರೇಡರ್ ಮತ್ತು ಸಂಗಡಿಗರು ಗುರುತಿಸಿ 2016ರಲ್ಲಿ ಪ್ರಕಟಿಸಿದರು. ತಂದೆ ತಾಯಿ ಇಬ್ಬರಿಂದಲೂ ಆ ದೋಷ ಬಂದಿದ್ದ ಒಬ್ಬ ಮಹಿಳೆಯ ಎಚ್‌ಡಿಎಲ್ 150ರ ಆಸುಪಾಸಿನಲ್ಲಿತ್ತು. ಈ ದೋಷ ಹೊತ್ತವರಲ್ಲಿ ಎಚ್‌ಡಿಎಲ್ ಹೆಚ್ಚು, ಆದರೆ ಹೃದಯದ ರಕ್ತನಾಳದ ಕಾಯಿಲೆಯೂ ಹೆಚ್ಚು. ನಮ್ಮ ಹಳೆಯ ಪಟ್ಟಿಯ ಪ್ರಕಾರ ಇವರಿಗೆಲ್ಲ ಒಂದು ಮಾಫಿ ಸಿಗಬೇಕಿತ್ತು.

ಇನ್ನೊಂದು ಉದಾಹರಣೆ ಜಪಾನಿನದು. ಎಚ್‌ಡಿಎಲ್‌ನಿಂದ ಎಲ್‌ಡಿಎಲ್‌ಗೆ ಕೊಲೆಸ್ಟ್ರಾಲ್ ದಾಟಿಸುವ ಸಿಇಟಿಪಿ ಎಂಬ ಪ್ರೋಟೀನು ಕೆಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ ಅಥವಾ ಕಡಿಮೆ ಇರುತ್ತದೆ. ಅಂಥವರ ಎಚ್‌ಡಿಎಲ್ ನೂರು ದಾಟುವುದು ಸಾಮಾನ್ಯ. ಇವರು ದೀರ್ಘಾಯುಷಿಗಳಾಗಿರಬೇಕು ಎಂದು ಮೊದಲು ಊಹಿಸಿದರು. ಅಕಿತಾ ಪ್ರಾಂತದ ಒಮಗಾರಿ ಎಂಬಲ್ಲಿ ಈ ದೋಷ ಬಹಳ ಜನರಲ್ಲಿ ಇರುವುದು ಕಂಡುಬಂತು. ಹಿರಾನೊ ಮತ್ತು ಸಂಗಡಿಗರು ಅಲ್ಲಿ ಹುಡುಕಿ 1997ರಲ್ಲಿ ವರದಿ ಮಾಡಿದರು: ಅತಿ ಹೆಚ್ಚಿನ ಎಚ್‌ಡಿಎಲ್‌ಗೂ ದೀರ್ಘಾಯುಷ್ಯಕ್ಕೂ ಅಲ್ಲಿ ನಂಟು ಕಾಣಲಿಲ್ಲ.

ಆದರೂ ಔಷಧ ಕಂಪೆನಿಗಳು ಆ ಪ್ರೋಟೀನನ್ನೇ ತಡೆದು ಎಚ್‌ಡಿಎಲ್ ಏರಿಸುವ ಮಾತ್ರೆಗೆ ಕೈ ಹಾಕಿದವು. ಟಾರ್ಸೆಟ್ರಾಪಿಬ್ ಎಂಬ ಮಾತ್ರೆಯನ್ನು 15,000ಕ್ಕೂ ಹೆಚ್ಚು ಮಂದಿಯ ಮೇಲೆ ಪರೀಕ್ಷಿಸಿದರು. ಎಚ್‌ಡಿಎಲ್ ಶೇಕಡಾ 72ರಷ್ಟು ಏರಿತು, ಎಲ್‌ಡಿಎಲ್ ಶೇಕಡಾ 25ರಷ್ಟು ಇಳಿಯಿತು. ಕಾಗದದ ಮೇಲೆ ಇದಕ್ಕಿಂತ ಚಂದದ ಫಲಿತಾಂಶ ಬೇಕೆ? ಆದರೆ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ 93 ಮಂದಿ ತೀರಿಕೊಂಡರು, ತೆಗೆದುಕೊಳ್ಳದ ಗುಂಪಿನಲ್ಲಿ 59 ಮಂದಿ. 2006ರ ಡಿಸೆಂಬರಿನಲ್ಲಿ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ಆ ಮಾತ್ರೆ ಬಿಪಿಯನ್ನೂ ಏರಿಸುತ್ತಿತ್ತು, ಸಾವುಗಳಿಗೆ ಅದೂ ಕಾರಣವಿರಬಹುದು ಎಂಬ ವಾದ ನ್ಯಾಯವಾದದ್ದೇ. ಹಾಗಾದರೆ ಬಿಪಿಯನ್ನು ಅಷ್ಟಾಗಿ ಮುಟ್ಟದ ಇನ್ನೊಂದು ಮಾತ್ರೆ ಏನು ಮಾಡಿತು? ಡಾಲ್ಸೆಟ್ರಾಪಿಬ್ ಎಂಬುದು ಎಚ್‌ಡಿಎಲ್ಲನ್ನು ಶೇಕಡಾ 30ರಷ್ಟು ಏರಿಸಿತು, ಹೃದಯಾಘಾತ ಮಾತ್ರ ಕಡಿಮೆಯಾಗಲಿಲ್ಲ. 2012ರಲ್ಲಿ ಅದೂ ನಿಂತಿತು. ಅದೇ ವರ್ಷ ಬಂದ ಒಂದು ಅಧ್ಯಯನ ಹುಟ್ಟಿನಿಂದಲೇ ಎಚ್‌ಡಿಎಲ್ ಸ್ವಲ್ಪ ಹೆಚ್ಚಿರುವ ಜನರನ್ನು ನೋಡಿತು. ಒಂದು ಜೀನಿನ ಸಣ್ಣ ವ್ಯತ್ಯಾಸದಿಂದ ಅವರ ಎಚ್‌ಡಿಎಲ್ ಐದಾರು ಅಂಕಿ ಮೇಲಿರುತ್ತದೆ. ಹಳೆಯ ಲೆಕ್ಕದಂತೆ ಅವರಿಗೆ ಹೃದಯಾಘಾತ ನೂರಕ್ಕೆ 13ರಷ್ಟು ಕಡಿಮೆಯಾಗಬೇಕಿತ್ತು. ಏನೂ ಕಡಿಮೆ ಇರಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಕೊನೆಯ ಅಧ್ಯಯನವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಎಚ್‌ಡಿಎಲ್ ಚೆನ್ನಾಗಿರುವವರ ಹೃದಯ ಚೆನ್ನಾಗಿರುವುದಕ್ಕೆ ಅವರ ನಡಿಗೆ, ತೂಕ, ಸಕ್ಕರೆಯ ಹತೋಟಿ, ಕಡಿಮೆ ಟ್ರೈಗ್ಲಿಸರೈಡ್ ಕಾರಣವಾಗಿರಬಹುದು. ಎಚ್‌ಡಿಎಲ್ ಅಲ್ಲಿ ಜೊತೆಗೆ ಬರುವ ಲಕ್ಷಣ. ಲಕ್ಷಣವನ್ನು ಮಾತ್ರೆಯಿಂದ ಎಳೆದು ಮೇಲೆತ್ತಿದರೆ ಕಾರಣ ಬದಲಾಗುವುದಿಲ್ಲ.

ಇನ್ನು ಅತಿ ಹೆಚ್ಚಿದ್ದವರ ವಿಷಯ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸುಮಾರು 1,16,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಸಾವು ಅತಿ ಕಡಿಮೆ ಇದ್ದದ್ದು ಗಂಡಸರಲ್ಲಿ ಎಚ್‌ಡಿಎಲ್ 73ರ ಹತ್ತಿರ, ಹೆಂಗಸರಲ್ಲಿ 93ರ ಹತ್ತಿರ. ಅದಕ್ಕಿಂತ ಕೆಳಗೆ ಹೋದರೂ ಮೇಲೆ ಹೋದರೂ ಸಾವಿನ ಗೆರೆ ಏರುತ್ತದೆ, ತೊಟ್ಟಿಲಿನ ತಳದ ಹಾಗೆ. 116 ದಾಟಿದ ಗಂಡಸರಲ್ಲಿ ಸಾವು ಸುಮಾರು ಎರಡು ಪಟ್ಟು. 135 ದಾಟಿದ ಹೆಂಗಸರಲ್ಲಿ ಸುಮಾರು ಒಂದೂ ಮುಕ್ಕಾಲು ಪಟ್ಟು. ಈಗಾಗಲೇ ಹೃದಯದ ರಕ್ತನಾಳದ ಕಾಯಿಲೆ ಇದ್ದವರನ್ನು ನೋಡಿದ 2022ರ ಒಂದು ಅಧ್ಯಯನದಲ್ಲಂತೂ, ಬ್ರಿಟನ್ನಿನ ಜನರಲ್ಲಿ, 80 ದಾಟಿದವರ ಸಾವು 40ರಿಂದ 60ರ ನಡುವೆ ಇದ್ದವರಿಗಿಂತ ಹತ್ತಿರಹತ್ತಿರ ಇಮ್ಮಡಿ ಇತ್ತು.

ಇಲ್ಲಿ ಯಾರೂ ಗಾಬರಿಯಾಗಬಾರದು. ಕೋಪನ್‌ಹೇಗನ್‌ನಲ್ಲಿ ಆ ತುತ್ತತುದಿಯಲ್ಲಿ ಇದ್ದವರು ಸಾವಿರಕ್ಕೆ ಮೂರು ನಾಲ್ಕು ಮಂದಿ. ಎಚ್‌ಡಿಎಲ್ಲೇ ಅವರನ್ನು ಕೊಂದಿತು ಎಂದು ಈ ಅಧ್ಯಯನಗಳು ಸಾಧಿಸುವುದಿಲ್ಲ. ಅದನ್ನು ಮೇಲೇರಿಸಿದ ಬೇರೊಂದು ಸಂಗತಿ ಅಪಾಯ ತಂದಿರಬಹುದು. ಆದ್ದರಿಂದಲೇ ಎಚ್‌ಡಿಎಲ್ ಇಳಿಸಲು ಯಾವ ಮಾತ್ರೆಯೂ ಇಲ್ಲ, ಬೇಕಾಗಿಯೂ ಇಲ್ಲ. ಬೇಕಾದದ್ದು ಆ ಬೇರೊಂದು ಸಂಗತಿಯನ್ನು ಹುಡುಕುವುದು. 65, 70 ಬಂದವರು ಸುಮ್ಮನೆ ಮನೆಗೆ ಹೋಗಬಹುದು. ಗಂಡಸರಲ್ಲಿ 80, ಹೆಂಗಸರಲ್ಲಿ 100 ದಾಟಿದರೆ ನಾನು ನಿಂತು ನೋಡುತ್ತೇನೆ. ಮೊದಲು 50ರ ಸುತ್ತ ಇದ್ದದ್ದು ಕಾರಣವಿಲ್ಲದೆ 90ಕ್ಕೆ ಏರಿದ್ದರೂ ನೋಡುತ್ತೇನೆ.

ಮೊದಲ ಹೆಜ್ಜೆ ಅಂಕಿ ನಿಜವೇ ಎಂದು ತಿಳಿಯುವುದು. ಇನ್ನೊಮ್ಮೆ, ಸಾಧ್ಯವಾದರೆ ಇನ್ನೊಂದು ಲ್ಯಾಬಿನಲ್ಲಿ, ಪರೀಕ್ಷೆ ಮಾಡಿಸಬೇಕು. ಇದು ಬರೀ ಎಚ್‌ಡಿಎಲ್‌ನ ಪ್ರಶ್ನೆಯಲ್ಲ. ಹೆಚ್ಚಿನ ಲ್ಯಾಬುಗಳಲ್ಲಿ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲು ಕಳೆದರೆ ಉಳಿಯುವುದೇ ಎಲ್‌ಡಿಎಲ್. ಮುಳ್ಳೇರಿಯ ಕಡೆಯ ನಮ್ಮ ಅಕ್ಕನ ಲೆಕ್ಕ ನೋಡಿ: 268ರಲ್ಲಿ 112 ಹೋಯಿತು, 80ರ ಐದನೆಯ ಒಂದು ಪಾಲು 16 ಹೋಯಿತು, ಉಳಿದದ್ದು 140. ಎಚ್‌ಡಿಎಲ್ ತಪ್ಪಾಗಿ 30 ಹೆಚ್ಚು ಬಂದಿದ್ದರೆ ಎಲ್‌ಡಿಎಲ್ ಅಷ್ಟೇ ತಪ್ಪಾಗಿ ಕಡಿಮೆ ತೋರಿಸುತ್ತದೆ. ಒಳ್ಳೆಯದರ ತಪ್ಪು ಕೆಟ್ಟದ್ದನ್ನು ಮುಚ್ಚುತ್ತದೆ.

ಕೊಲ್ಲಿ ದೇಶಗಳಿಂದ ರಜೆಗೆ ಬರುವವರ ಕಾಗದದಲ್ಲಿ ಇನ್ನೊಂದು ತೊಡಕು. ಅಲ್ಲಿನ ಕೆಲವು ಲ್ಯಾಬುಗಳು ಮಿಲಿಮೋಲ್ ಎಂಬ ಬೇರೆ ಅಳತೆಯಲ್ಲಿ ಕೊಡುತ್ತವೆ. ಒಬ್ಬರು ಕುಂಬಳೆಯವರು "ಒಳ್ಳೆಯದು ಬರೀ 2.5 ಉಂಟು ಡಾಕ್ಟ್ರೇ, 40 ಬೇಕಲ್ಲವಾ?" ಎಂದು ಹೆದರಿ ಬಂದಿದ್ದರು. 2.5ನ್ನು 38.67ರಿಂದ ಗುಣಿಸಿದರೆ 97. ಅವರದ್ದು ಕಡಿಮೆಯಾಗಿರಲಿಲ್ಲ, ಬಹಳ ಹೆಚ್ಚಾಗಿತ್ತು.

ಏಕೆ ಹೆಚ್ಚಾಯಿತು ಎಂಬುದಕ್ಕೆ ಹೆಚ್ಚು ದೂರ ಹೋಗಬೇಕಾಗಲಿಲ್ಲ. ರಾತ್ರಿ ಕೆಲಸ ಮುಗಿಸಿ ಕೋಣೆಗೆ ಬಂದ ಮೇಲೆ ಕುಡಿಯುವ ಅಭ್ಯಾಸ ಹತ್ತು ವರ್ಷದಿಂದ ಇತ್ತು. ಮದ್ಯ ಎಚ್‌ಡಿಎಲ್ ಏರಿಸುತ್ತದೆ. ದಿನಕ್ಕೆ 30 ಗ್ರಾಂ ಆಲ್ಕೋಹಾಲ್, ಅಂದರೆ ವಿಸ್ಕಿಯ ಲೆಕ್ಕದಲ್ಲಿ 90 ಮಿಲಿಲೀಟರಿನ ಆಸುಪಾಸು, ಕುಡಿದರೆ ಸರಾಸರಿ ನಾಲ್ಕು ಅಂಕಿ ಏರುತ್ತದೆ. ಹೆಚ್ಚು ಕುಡಿದರೆ ಇನ್ನೂ ಹೆಚ್ಚು. ಅವರ ಲಿವರ್ ಪರೀಕ್ಷೆಯಲ್ಲಿ ಜಿಜಿಟಿ ಎಂಬ ಕಿಣ್ವ ಮಿತಿಯ ನಾಲ್ಕು ಪಟ್ಟು, ಬಿಪಿ 156/98. ಇಂಥವರ ಎಚ್‌ಡಿಎಲ್ 97 ಹೃದಯಕ್ಕೆ ರಕ್ಷೆಯಲ್ಲ, ಅದು ಕುಡಿತದ ಅಳತೆಗೋಲು. ಕುಡಿಯುವುದನ್ನು ಬಿಟ್ಟ ಮೂರು ತಿಂಗಳಲ್ಲಿ ಅದು 58ಕ್ಕೆ ಇಳಿಯಿತು, ಬಿಪಿಯೂ ಇಳಿಯಿತು. ಒಳ್ಳೆಯ ಕೊಲೆಸ್ಟ್ರಾಲ್ ಇಳಿದದ್ದಕ್ಕೆ ಅವರಿಗೆ ಬೇಸರವಾಯಿತು. ಅದು ಸಂತೋಷದ ಸುದ್ದಿ ಎಂದು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಆದ್ದರಿಂದ ಕಳ್ಳಾಗಲಿ ಕುಪ್ಪಿಯಾಗಲಿ, ಎಷ್ಟು ಕುಡಿಯುತ್ತೀರಿ ಎಂದು ವೈದ್ಯರು ಕೇಳಿದರೆ ಮನೆಯವರ ಮುಂದೆ ಸಂಕೋಚವಾದರೂ, ಬೇಕಿದ್ದರೆ ಅವರನ್ನು ಹೊರಗೆ ಕಳುಹಿಸಿ, ನಿಜ ಹೇಳಿ.

ಆಮೇಲೆ ಮಾತ್ರೆಗಳು. ಹಾರ್ಮೋನಿನ ಈಸ್ಟ್ರೋಜನ್, ಸ್ಟೀರಾಯ್ಡ್, ಮತ್ತು ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಎಚ್‌ಡಿಎಲ್ ಏರಿಸುತ್ತವೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕು. ಎಣ್ಮಕಜೆಯಂಥ ಪಂಚಾಯತುಗಳಲ್ಲಿ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳಲ್ಲಿ, ಅಪಸ್ಮಾರದ ಮಾತ್ರೆ ವರ್ಷಗಟ್ಟಲೆ ನುಂಗುವವರಿದ್ದಾರೆ. ಆ ಮಾತ್ರೆಗಳು ಯಕೃತ್ತಿನ ಕಿಣ್ವಗಳನ್ನು ಕೆರಳಿಸುವುದರಿಂದ ಎಚ್‌ಡಿಎಲ್ ಏರುತ್ತದೆ. ಕೀಟನಾಶಕಗಳಲ್ಲೂ ಕೆಲವಕ್ಕೆ ಆ ಗುಣವಿದೆ. ಡಿಡಿಟಿ, ಲಿಂಡೇನ್‌ಗಳ ನಡುವೆ ದುಡಿದ ಸ್ವೀಡನ್ನಿನ ಕಾರ್ಮಿಕರ ಎಚ್‌ಡಿಎಲ್ ಹೆಚ್ಚಿದ್ದದ್ದನ್ನು 1972ರಲ್ಲೇ ವರದಿ ಮಾಡಿದ್ದಾರೆ. ಅದನ್ನು ಎಂಡೋಸಲ್ಫಾನ್‌ಗೆ ಹಾಗೆಯೇ ಅಂಟಿಸುವುದು ಸರಿಯಲ್ಲ. ಆದರೆ ವಿಷ ಸಿಂಪಡಿಸಿದ ಕಾರ್ಮಿಕನ ರಕ್ತದಲ್ಲೂ 'ಒಳ್ಳೆಯ' ಅಂಕಿ ಬರಬಹುದು ಎಂಬುದು ನಮ್ಮ ಜಿಲ್ಲೆಯವರು ಮರೆಯಬಾರದ ಮಾತು. ಪಡ್ರೆಯ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ಅವರು ಒಂದೇ ಊರಿನಲ್ಲಿ ಇಷ್ಟೊಂದು ಕಾಯಿಲೆ ಏಕೆ ಎಂದು ಕೇಳಿದರು. ನಮ್ಮ ನಡುವಿನ ಆ ವೈದ್ಯರು ಹಿಡಿದ ದಾರಿಯೇ ಇಲ್ಲಿಯೂ ದಾರಿ: ವಿಚಿತ್ರವಾದದ್ದು ಕಂಡರೆ ಕಾರಣ ಕೇಳುವುದು. ಅಪಸ್ಮಾರದ ಮಾತ್ರೆಯನ್ನು ಮಾತ್ರ ಈ ಕಾರಣಕ್ಕಾಗಿ ಯಾರೂ ನಿಲ್ಲಿಸಬೇಡಿ. ಕಾರಣ ತಿಳಿದರೆ ಸಾಕು.

ತೆಂಗಿನೆಣ್ಣೆಯ ಮಾತು ಎತ್ತದೆ ಕಾಸರಗೋಡಿನಲ್ಲಿ ಕೊಲೆಸ್ಟ್ರಾಲಿನ ಉಪನ್ಯಾಸ ಮುಗಿಯುವುದಿಲ್ಲ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ ಇಂದು ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವ ಸಂಸ್ಥೆ ನಮ್ಮ ಊರಿನದು. ತೆಂಗಿನೆಣ್ಣೆ ಎಚ್‌ಡಿಎಲ್ ಏರಿಸುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಮಾತು. 16 ಪ್ರಯೋಗಗಳನ್ನು ಒಟ್ಟುಗೂಡಿಸಿದ 2020ರ ಒಂದು ವಿಶ್ಲೇಷಣೆಯಲ್ಲಿ, ಸೂರ್ಯಕಾಂತಿ, ಆಲಿವ್ ಮುಂತಾದ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಚ್‌ಡಿಎಲ್ಲನ್ನು ನಾಲ್ಕು ಅಂಕಿ ಏರಿಸಿತು, ಎಲ್‌ಡಿಎಲ್ಲನ್ನು ಹತ್ತು ಅಂಕಿ ಏರಿಸಿತು. ಎಲ್‌ಡಿಎಲ್ ರಕ್ತನಾಳದಲ್ಲಿ ಕೂರುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಎಚ್‌ಡಿಎಲ್‌ನ ನಾಲ್ಕು ಅಂಕಿಗೆ ಬೆಲೆಯಿದೆಯೇ ಎಂಬುದೇ ಪ್ರಶ್ನೆ. ಹಾಗಾಗಿ ನಾಲ್ಕನ್ನು ತೋರಿಸಿ ಹತ್ತನ್ನು ಮಾಫಿ ಮಾಡಲು ಬರುವುದಿಲ್ಲ. ಎಲ್‌ಡಿಎಲ್ ಹೆಚ್ಚಿರುವವರ ಮನೆಯಲ್ಲಿ ಒಗ್ಗರಣೆಗೂ ಕರಿಯುವುದಕ್ಕೂ ತೆಂಗಿನೆಣ್ಣೆ ಒಂದೇ ಆಗುವುದು ಬೇಡ ಎನ್ನುತ್ತೇನೆ. ಇನ್ನೊಂದು ಮಾತು: ನಾಲ್ಕೈದು ಅಂಕಿ ಏರಿಸುವ ತೆಂಗಿನೆಣ್ಣೆಯಿಂದ ಯಾರ ಎಚ್‌ಡಿಎಲ್ಲೂ 50ರಿಂದ 112ಕ್ಕೆ ಹೋಗುವುದಿಲ್ಲ.

ನಮ್ಮ ಅಕ್ಕನ ಮನೆಯಲ್ಲೂ ತೆಂಗಿನೆಣ್ಣೆಯನ್ನೇ ಕಾರಣವೆಂದು ಹೇಳುತ್ತಿದ್ದರು. ಅವರು ಕುಡಿಯುವವರಲ್ಲ, ಯಾವ ಮಾತ್ರೆಯೂ ಇರಲಿಲ್ಲ. ಇನ್ನೊಮ್ಮೆ ಪರೀಕ್ಷಿಸಿದಾಗ ಎಚ್‌ಡಿಎಲ್ 109 ಬಂತು, ಅಂದರೆ ಅಂಕಿ ನಿಜ. ಥೈರಾಯ್ಡ್ ಕಡಿಮೆಯಾದರೂ ಎಚ್‌ಡಿಎಲ್ ಏರಬಹುದು, ಹಾಗಾಗಿ ಟಿಎಸ್‌ಎಚ್ ಮಾಡಿಸಿದೆ. ಸರಿಯಾಗಿತ್ತು. ಅವರ ತಮ್ಮನ ಎಚ್‌ಡಿಎಲ್ 41, ಮಗಳದ್ದು 52. ಮನೆತನದಲ್ಲಿ ಬಂದ ಗುಣವಾಗಿದ್ದರೆ ರಕ್ತಸಂಬಂಧಿಗಳಲ್ಲಿ ಒಬ್ಬರಲ್ಲಾದರೂ ಕಾಣುವ ಸಂಭವ ಹೆಚ್ಚು. ಹಾಗೆ ಕಂಡಿದ್ದರೆ, ಉಳಿದದ್ದೆಲ್ಲ ಸರಿಯಿದ್ದರೆ, ಅಲ್ಲಿಗೇ ನಿಲ್ಲಿಸುತ್ತಿದ್ದೆ. ಜೀನ್ ಪರೀಕ್ಷೆಗೆ ದುಡ್ಡು ಸುರಿಯುವುದರಿಂದ ಚಿಕಿತ್ಸೆ ಬದಲಾಗುವುದು ಅಪರೂಪ.

ಉಳಿದದ್ದು ಲಿವರ್. ಅಲ್ಲಿ ಉತ್ತರವಿತ್ತು. ಬಿಲಿರುಬಿನ್ 0.8, ಅಂದರೆ ಅರಶಿನ ಕಾಮಾಲೆಯ ಸುಳಿವೂ ಇಲ್ಲ. ಆದರೆ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ 386. ಆ ಲ್ಯಾಬಿನ ಮೇಲ್ಮಿತಿ 120. ಈ ಕಿಣ್ವ ಎಲುಬಿನಿಂದಲೂ ಏರಬಹುದು, ಆದರೆ ಜೊತೆಗೆ ಜಿಜಿಟಿಯೂ ಏರಿದ್ದರೆ ಮೂಲ ಲಿವರಿನದ್ದೇ. ಅವರದ್ದು 290. ಪಿತ್ತ ಸರಿಯಾಗಿ ಹರಿಯುತ್ತಿಲ್ಲ ಎಂದಾಯಿತು. ಸ್ಕ್ಯಾನಿಂಗಿನಲ್ಲಿ ಕಲ್ಲಿಲ್ಲ, ದೊಡ್ಡ ಪಿತ್ತನಾಳದಲ್ಲಿ ತಡೆಯಿಲ್ಲ. ಹಾಗಾದರೆ ತೊಂದರೆ ಕಣ್ಣಿಗೆ ಕಾಣದ ಸಣ್ಣ ನಾಳಗಳಲ್ಲಿ. ಮೈಟೋಕಾಂಡ್ರಿಯಾ ವಿರೋಧಿ ಪ್ರತಿಕಾಯ ಎಂಬ ರಕ್ತಪರೀಕ್ಷೆಯನ್ನು ಮಂಗಳೂರಿಗೆ ಕಳುಹಿಸಿದೆ. ಪಾಸಿಟಿವ್ ಬಂತು. ಆಲ್ಕಲೈನ್ ಫಾಸ್ಫಟೇಸ್ ಏರಿರುವುದು, ಈ ಪ್ರತಿಕಾಯ ಇರುವುದು, ಈ ಎರಡು ಸೇರಿದರೆ ಲಿವರಿನ ತುಂಡು ತೆಗೆದು ನೋಡದೆಯೇ ಕಾಯಿಲೆಯನ್ನು ಹೇಳಬಹುದು. ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್: ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಸಣ್ಣ ಪಿತ್ತನಾಳಗಳನ್ನು ನಿಧಾನವಾಗಿ ಹಾಳುಗೆಡಹುವ ಕಾಯಿಲೆ. ಬಹುತೇಕ ನಡುವಯಸ್ಸಿನ ಹೆಂಗಸರಿಗೇ ಬರುತ್ತದೆ.

ಇದಕ್ಕೂ ಎಚ್‌ಡಿಎಲ್‌ಗೂ ಏನು ಸಂಬಂಧ? ಎಚ್‌ಡಿಎಲ್ ಕಣವನ್ನು ಕತ್ತರಿಸಿ ಸಣ್ಣದು ಮಾಡುವ ಒಂದು ಕಿಣ್ವ ಯಕೃತ್ತಿನಲ್ಲಿದೆ, ಹೆಪಾಟಿಕ್ ಲೈಪೇಸ್ ಎಂದು. ಈ ಕಾಯಿಲೆಯ ಆರಂಭದಲ್ಲಿ ಅದರ ಕೆಲಸ ಕುಂಠಿತವಾಗುತ್ತದೆ. ಸರಕು ತುಂಬಿದ ದೊಡ್ಡ ಲಾರಿಗಳು ರಸ್ತೆಯಲ್ಲೇ ಉಳಿಯುತ್ತವೆ. ಕಾಯಿಲೆ ಮುಂದುವರಿದು ಲಿವರ್ ಗಟ್ಟಿಯಾದ ಮೇಲೆ ಅದೇ ಎಚ್‌ಡಿಎಲ್ ಕುಸಿಯುತ್ತದೆ. ಅಂದರೆ ಎಚ್‌ಡಿಎಲ್ ಎತ್ತರದಲ್ಲಿರುವ ಕಾಲವೇ ಚಿಕಿತ್ಸೆಗೆ ಒಳ್ಳೆಯ ಕಾಲ.

ಚಿಕಿತ್ಸೆ ಅರ್ಸೋಡಿಆಕ್ಸಿಕೋಲಿಕ್ ಆಮ್ಲ, ತೂಕದ ಒಂದು ಕಿಲೋಗೆ ದಿನಕ್ಕೆ 13ರಿಂದ 15 ಮಿಲಿಗ್ರಾಂ. ಅವರ ತೂಕ 52 ಕಿಲೋ. ಬೆಳಗ್ಗೆ 300, ರಾತ್ರಿ 450, ಒಟ್ಟು 750 ಮಿಲಿಗ್ರಾಂ. ಈ ಮಾತ್ರೆ ಕಾಯಿಲೆಯ ನಡಿಗೆಯನ್ನು ನಿಧಾನಗೊಳಿಸುತ್ತದೆ, ಆದರೆ ತುರಿಕೆಗೆ ಅಷ್ಟಾಗಿ ಆಗುವುದಿಲ್ಲ. ಅದಕ್ಕೆ ಕೊಲೆಸ್ಟೈರಮಿನ್ ಪುಡಿ ಬೇರೆ, ಅರ್ಸೋ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರವಿಟ್ಟು. ಒಟ್ಟಿಗೆ ತೆಗೆದುಕೊಂಡರೆ ಪುಡಿ ಮಾತ್ರೆಯನ್ನೇ ಕಟ್ಟಿಹಾಕುತ್ತದೆ. ಮೊದಲ ತಿಂಗಳು ಅವರು ಎರಡನ್ನೂ ಒಟ್ಟಿಗೆ ತೆಗೆದುಕೊಂಡಿದ್ದರು. ತಪ್ಪು ನನ್ನದೇ, ಚೀಟಿಯಲ್ಲಿ ಸಮಯ ಬರೆದಿರಲಿಲ್ಲ.

ಎಲ್‌ಡಿಎಲ್ 140 ಏನು ಮಾಡುವುದು? ಎಚ್‌ಡಿಎಲ್ ಹೆಚ್ಚಿದೆ ಎಂದು ಅದನ್ನು ಮರೆಯಲಿಲ್ಲ. ರಕ್ತನಾಳಕ್ಕೆ ಹಾನಿ ಮಾಡುವ ಕಣಗಳ ಎಣಿಕೆಗೆ ಹತ್ತಿರವಾದ ಅಪೊಬಿ ಪರೀಕ್ಷೆ ಮಾಡಿಸಿದೆ, 92 ಬಂತು. ಬಿಪಿ, ಸಕ್ಕರೆ ಇಲ್ಲ. ಮನೆಯಲ್ಲಿ ಎಳೆ ವಯಸ್ಸಿನಲ್ಲಿ ಹೃದಯಾಘಾತವಾದವರಿಲ್ಲ. ಹಾಗಾಗಿ ಸ್ಟಾಟಿನ್ ಬೇಡವೆಂದು ನಿರ್ಧರಿಸಿದೆವು. ಇವುಗಳಲ್ಲಿ ಒಂದೆರಡು ಬೇರೆಯಾಗಿದ್ದರೆ ಎಚ್‌ಡಿಎಲ್ 112 ಇದ್ದರೂ ಸ್ಟಾಟಿನ್ ಕೊಡುತ್ತಿದ್ದೆ. ಒಳ್ಳೆಯ ಕೊಲೆಸ್ಟ್ರಾಲ್ ಹೆಚ್ಚಿದೆಯೆಂದು ಸ್ಟಾಟಿನ್ ಬಿಟ್ಟವರನ್ನು ನೋಡಿದ್ದೇನೆ. ಎಲ್‌ಡಿಎಲ್‌ಗೆ ಕೊಟ್ಟ ಮಾತ್ರೆಯನ್ನು ಎಚ್‌ಡಿಎಲ್ ನೋಡಿ ಬಿಡಬೇಡಿ.

ಒಂದು ವರ್ಷದ ಮೇಲೆ ಅವರ ಆಲ್ಕಲೈನ್ ಫಾಸ್ಫಟೇಸ್ 142ಕ್ಕೆ ಬಂತು, ಎಚ್‌ಡಿಎಲ್ 88ಕ್ಕೆ. ರಾತ್ರಿ ನಿದ್ದೆ ಬರುತ್ತದೆ ಎಂದರು. ದಣಿವು ಪೂರ್ತಿ ಹೋಗಿಲ್ಲ. ಈ ಕಾಯಿಲೆಯಲ್ಲಿ ಅದು ಮಾತ್ರೆಗೆ ಸುಲಭವಾಗಿ ಜಗ್ಗುವುದಿಲ್ಲ.

ನಮ್ಮ ಊರುಗಳಲ್ಲಿ ಲ್ಯಾಬ್ ನಡೆಸುವ ಮಿತ್ರರು ಈ ಸಭೆಯಲ್ಲಿದ್ದಾರೆ. ಅವರಲ್ಲಿ ನನ್ನ ವಿನಂತಿ ಒಂದೇ. ಎಚ್‌ಡಿಎಲ್ ಗಂಡಸರಲ್ಲಿ 80, ಹೆಂಗಸರಲ್ಲಿ 100 ದಾಟಿದ ಕಾಗದದ ಮೇಲೆ ಭಾಗಾಕಾರದ ಲೆಕ್ಕ ನೋಡಿ 'ಅಪಾಯ ಕಡಿಮೆ' ಎಂದು ಮುದ್ರಿಸಬೇಡಿ. ಆ ಜಾಗದಲ್ಲಿ 'ವೈದ್ಯರಿಗೆ ತೋರಿಸಿ' ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಒಂದು ಸಾಲು ಹಾಕಿ.